ಕಾಫಿ ಕಂಪನಿಯ ಡಿವಿಡೆಂಡಿಗೂ ಟಿಡಿಎಸ್ ಯಾಕೆ? ಅದರ ಮೇಲೆ 600 ರೂಪಾಯಿ ಜಾಸ್ತಿ ಬೇರೆ ಹಿಡಿದಿದ್ದಾರೆ

ಸುಂಟಿಕೊಪ್ಪ_ಚೆರ್ರಿ
ಎಲ್ಲರಿಗೂ ನಮಸ್ಕಾರ. ಒಂದು ಪ್ಲಾಂಟೇಶನ್ ಕಂಪನಿಯ 1,500 ಷೇರು ನನ್ನ ಹೆಸರಲ್ಲಿದೆ. ಕಳೆದ ಆಗಸ್ಟಿನಲ್ಲಿ ಷೇರಿಗೆ 4 ರೂಪಾಯಿಯಂತೆ 6,000 ಬಂತು, ಪೂರ್ತಿ ಬಂತು. ಈ ಫೆಬ್ರವರಿಯಲ್ಲಿ ಷೇರಿಗೆ 7 ರೂಪಾಯಿ ಇಂಟರಿಮ್ ಅಂತ ಘೋಷಿಸಿದರು, 10,500 ಬರಬೇಕಿತ್ತು. ಬ್ಯಾಂಕಿಗೆ ಬಿದ್ದಿದ್ದು 8,850.

ನನ್ನ ತಕರಾರು ಎರಡು. ಮೊದಲನೆಯದು, ಕಂಪನಿ ಬೆಳೆಯೋದು ಕಾಫಿ, ನಾನು ಬೆಳೆಯೋದೂ ಕಾಫಿ. ನನ್ನ ತೋಟದ ಹುಟ್ಟುವಳಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಿದ್ದ ಮೇಲೆ ಅದೇ ಕಾಫಿಯಿಂದ ಬಂದ ಡಿವಿಡೆಂಡಿಗೆ ಹೇಗೆ ಬಂತು? ಎರಡನೆಯದು, 10,500ಕ್ಕೆ ಶೇ. 10 ಅಂದರೆ 1,050. ನನಗೆ 9,450 ಬರಬೇಕು. ಉಳಿದ 600 ಎಲ್ಲಿ ಹೋಯಿತು?

ವಯಸ್ಸು 63. ತೋಟದಿಂದ ಖರ್ಚು ಕಳೆದು ವರ್ಷಕ್ಕೆ ಸುಮಾರು 8 ಲಕ್ಷ ಉಳಿಯುತ್ತದೆ. ಎಫ್‌ಡಿ ಬಡ್ಡಿ 2,40,000. ಇದೂ ಸೇರಿ ಎಲ್ಲ ಕಂಪನಿಗಳ ಡಿವಿಡೆಂಡ್ 61,000. ಬೇರೆ ಏನೂ ಇಲ್ಲ.

ಗೋಣಿಕೊಪ್ಪ_ಪೇಟೆ
ಪ್ಯಾನ್ ಆಧಾರಿಗೆ ಲಿಂಕ್ ಆಗಿರಲಿಕ್ಕಿಲ್ಲ ಅಣ್ಣ. ಲಿಂಕ್ ಇಲ್ಲದಿದ್ದರೆ ಶೇ. 20 ಹಿಡಿಯುತ್ತಾರೆ. ಮೊದಲು ಅದನ್ನು ನೋಡಿ.

ಲೆಕ್ಕದ_ಪುಸ್ತಕ
@ಗೋಣಿಕೊಪ್ಪ_ಪೇಟೆ, ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇ. 20 ಅನ್ನೋದು ಸರಿ, ಆದರೆ ಇಲ್ಲಿ ಆಗಿರೋದು ಅದಲ್ಲ. ಹಾಗಾಗಿದ್ದರೆ ಬರೀ 10,500ಕ್ಕೇ 2,100 ಹೋಗಬೇಕಿತ್ತು. ಹೋಗಿರೋದು 1,650. ಈ ಅಂಕಿಯನ್ನು 16,500ರ ಪಕ್ಕ ಇಟ್ಟು ನೋಡಿ, ಸರಿಯಾಗಿ ಶೇ. 10. ಅಂದರೆ ಆಗಸ್ಟಿನ 6,000ಕ್ಕೂ ಈಗಲೇ ಸೇರಿಸಿ ಹಿಡಿದಿದ್ದಾರೆ. ನಿಮ್ಮ 600 ಅಲ್ಲಿದೆ.

ಕಾರಣ ಹೀಗೆ. ಒಂದು ಕಂಪನಿ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ ಕೊಡುವ ಡಿವಿಡೆಂಡ್ ಒಟ್ಟಾಗಿ 10,000 ದಾಟದಿದ್ದರೆ ಟಿಡಿಎಸ್ ಇಲ್ಲ. ಈ ಮಿತಿ 2025ರ ಮಾರ್ಚ್ ತನಕ 5,000 ಇತ್ತು, ಏಪ್ರಿಲ್ 1ರಿಂದ 10,000 ಆಯಿತು. ಆಗಸ್ಟಿನಲ್ಲಿ ನೀವು 6,000ದಲ್ಲಿದ್ದಿರಿ, ಹಿಡಿಯುವ ಹಾಗಿರಲಿಲ್ಲ. ಫೆಬ್ರವರಿಯಲ್ಲಿ ಒಟ್ಟು 16,500 ಆಯಿತು. ಮಿತಿ ದಾಟಿದ ಮೇಲೆ 10,000ದ ವಿನಾಯಿತಿ ಅನ್ನೋದು ಉಳಿಯೋದಿಲ್ಲ, ಪೂರ್ತಿ ಮೊತ್ತಕ್ಕೆ ಶೇ. 10. ಮಿತಿಯ ಮೇಲಿನ 6,500ಕ್ಕೆ ಮಾತ್ರ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ, ಅದು ತಪ್ಪು.

ಇನ್ನೊಂದು ವಿಷಯ. ಆಗಸ್ಟಿನಲ್ಲಿ ಬಂದಿದ್ದು ಹಿಂದಿನ ವರ್ಷದ ಲಾಭದ ಫೈನಲ್ ಡಿವಿಡೆಂಡ್ ಇರಬೇಕು, ವಾರ್ಷಿಕ ಸಭೆ ಮುಗಿದ ಮೇಲೆ ಕೊಡುವಂಥದ್ದು. ಯಾವ ವರ್ಷದ ಲಾಭ ಅನ್ನೋದನ್ನು ಇಲ್ಲಿ ನೋಡೋದಿಲ್ಲ. ಕೊಟ್ಟಿದ್ದು 2025-26ರಲ್ಲಿ, ಆದ್ದರಿಂದ ಎರಡೂ ಒಂದೇ ವರ್ಷದ ಲೆಕ್ಕಕ್ಕೆ.

ಬಾಳೆಲೆ_ಗದ್ದೆ
ಇದನ್ನು ನಾನು ಒಪ್ಪೋದಿಲ್ಲ. ಆಗಸ್ಟಿನಲ್ಲಿ ಕೊಟ್ಟಾಗ ಮಿತಿ ದಾಟಿರಲಿಲ್ಲ. ಅವತ್ತಿನ ಪಾವತಿ ಅವತ್ತಿಗೆ ಮುಗಿಯಿತು. ಫೆಬ್ರವರಿಯ ದುಡ್ಡಿನಿಂದ ಆಗಸ್ಟಿನ ತೆರಿಗೆ ಕತ್ತರಿಸೋದು ಯಾವ ನ್ಯಾಯ? ನನಗೆ ಗೊತ್ತಿರುವ ಒಂದು ಕಂಪನಿ ಎರಡನೇ ಕಂತಿಗೆ ಮಾತ್ರ ಹಿಡಿಯುತ್ತದೆ.

ಲೆಕ್ಕದ_ಪುಸ್ತಕ
ಎರಡೂ ರೀತಿಯವರು ಇದ್ದಾರೆ, ಅದು ನಿಜ. ಆದರೆ 194ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಕೊಟ್ಟಿರುವುದೇ ವರ್ಷದ ಒಟ್ಟು ಮೊತ್ತ ಮಿತಿಯೊಳಗೆ ಇದ್ದರೆ ಅಂತ. ಒಟ್ಟು ಮೀರಿದರೆ ವಿನಾಯಿತಿಯೇ ಹೋಯಿತು. ಕಡಿಮೆ ಹಿಡಿದರೆ ನೋಟಿಸು ಬರೋದು, ಬಡ್ಡಿ ಕಟ್ಟೋದು ಕಂಪನಿ, ಹಾಗಾಗಿ ಹೆಚ್ಚಿನವರು ಹಿಂದಿನದನ್ನೂ ಸೇರಿಸಿಯೇ ಹಿಡಿಯುತ್ತಾರೆ.

ಬಾಳೆಲೆ_ಗದ್ದೆ
ಒಟ್ಟು ಅಂತ ಬರೆದಿದೆ, ಸರಿ. ಹಿಂದೆ ಕೊಟ್ಟಿದ್ದನ್ನು ಮುಂದಿನದರಲ್ಲಿ ವಸೂಲಿ ಮಾಡಿ ಅಂತ ಬರೆದಿಲ್ಲವಲ್ಲ. ನನ್ನ ಮಾತು ಅಷ್ಟೇ.

ಕುಶಾಲನಗರ_ಆಡಿಟ್
ಈ ಜಗಳದಲ್ಲಿ ಯಾರು ಗೆದ್ದರೂ ಸುಂಟಿಕೊಪ್ಪದವರಿಗೆ ವ್ಯತ್ಯಾಸ ಆಗೋದಿಲ್ಲ. 1,050 ಹಿಡಿದಿರಲಿ, 1,650 ಹಿಡಿದಿರಲಿ, ಅದು ಅವರ ಪ್ಯಾನ್‌ನಲ್ಲಿ ಜಮಾ ಆಗುತ್ತದೆ. ನಿಜವಾದ ತೆರಿಗೆ ಎಷ್ಟು ಅನ್ನೋದು ರಿಟರ್ನ್‌ನಲ್ಲಿ ತೀರ್ಮಾನ. ಮುಖ್ಯವಾದದ್ದು ಅವರ ಮೊದಲನೇ ಪ್ರಶ್ನೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕಾಫಿ ಕಂಪನಿಯ ಡಿವಿಡೆಂಡ್ ಕೃಷಿ ಆದಾಯ ಅಲ್ಲ. ಇದೇ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ 1954ರಲ್ಲೇ ಇತ್ಯರ್ಥ ಆಗಿದೆ. ಬಾಚಾ ಗಜ್ದಾರ್ ಪ್ರಕರಣ. ಅಲ್ಲಿದ್ದದ್ದು ಟೀ ಕಂಪನಿ. ಕಂಪನಿಯ ಲಾಭದಲ್ಲಿ ಶೇ. 60 ಕೃಷಿ ಆದಾಯ, ಶೇ. 40ಕ್ಕೆ ತೆರಿಗೆ. ನನ್ನ ಡಿವಿಡೆಂಡಿನಲ್ಲೂ ಶೇ. 60 ಕೃಷಿಯದ್ದೇ, ಬಿಟ್ಟುಬಿಡಿ ಅಂತ ಷೇರುದಾರರು ಕೇಳಿದರು. ಕೋರ್ಟ್ ಒಪ್ಪಲಿಲ್ಲ. ಕೃಷಿ ಆದಾಯ ಅಂದರೆ ಭೂಮಿಯಿಂದ ನೇರವಾಗಿ ಬಂದದ್ದಾಗಿರಬೇಕು. ಷೇರು ತೆಗೆದುಕೊಂಡವನಿಗೆ ಕಂಪನಿಯ ತೋಟದಲ್ಲಿ ಒಂದು ಗಿಡದ ಮೇಲೂ ಹಕ್ಕಿಲ್ಲ. ಅವನಿಗೆ ದುಡ್ಡು ಬರೋದು ಷೇರಿನಿಂದ, ಕಂಪನಿ ಡಿವಿಡೆಂಡ್ ಘೋಷಿಸಿದ್ದರಿಂದ. ಘೋಷಿಸದೇ ಇದ್ದರೆ ತೋಟ ಎಷ್ಟೇ ಬೆಳೆದರೂ ಅವನಿಗೆ ಏನೂ ಇಲ್ಲ.

ಪೊನ್ನಂಪೇಟೆ_ಮೆಣಸುಬಳ್ಳಿ
ಪಾಲುದಾರಿಕೆ ಫರ್ಮ್ ತೋಟ ನಡೆಸಿದರೆ ನಮಗೆ ಬರುವ ಪಾಲಿಗೆ ತೆರಿಗೆ ಇಲ್ಲವಲ್ಲ. ಅದೂ ಇದೂ ಒಂದೇ ಅಲ್ಲವಾ ಸರ್?

ಕುಶಾಲನಗರ_ಆಡಿಟ್
ಒಂದೇ ಅಲ್ಲ. ಫರ್ಮ್ ಅಂದರೆ ಪಾಲುದಾರರೇ, ಲಾಭದ ಪಾಲು ಅವರ ಕೈಯಲ್ಲಿ ತೆರಿಗೆಯಿಂದ ಹೊರಗೆ ಅಂತ ಕಾಯ್ದೆಯಲ್ಲೇ ಬರೆದಿದೆ. ಕಂಪನಿ ಬೇರೆ, ಷೇರುದಾರ ಬೇರೆ. ಮನೆಯವರೇ ಸೇರಿ ತೋಟಕ್ಕೆ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರೂ ಇದನ್ನು ನೆನಪಿಡಬೇಕು. ತೋಟ ತಾತನ ಕಾಲದ್ದೇ ಇರಬಹುದು, ಕಂಪನಿಯ ಹೆಸರಿಗೆ ಹೋದ ಮೇಲೆ ಅಲ್ಲಿಂದ ಡಿವಿಡೆಂಡ್ ಆಗಿ ಬಂದದ್ದಕ್ಕೆ ತೆರಿಗೆ ಇದೆ. ಟಿಡಿಎಸ್ ಹಿಡಿದು ಕಟ್ಟುವ ಜವಾಬ್ದಾರಿಯೂ ಆ ಪ್ರೈವೇಟ್ ಲಿಮಿಟೆಡ್‌ದೇ.

ಸುಂಟಿಕೊಪ್ಪ_ಚೆರ್ರಿ
ಆದರೆ 2020ಕ್ಕೆ ಮೊದಲು ಡಿವಿಡೆಂಡಿಗೆ ತೆರಿಗೆಯೇ ಇರಲಿಲ್ಲವಲ್ಲ ಸರ್. ಕೃಷಿ ಅಂತಲೇ ಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ಕುಶಾಲನಗರ_ಆಡಿಟ್
ಎಲ್ಲ ಕಂಪನಿಯದ್ದಕ್ಕೂ ಹಾಗೇ ಇತ್ತು, ಕಾಫಿ ಅಂತ ಅಲ್ಲ. 2020ರ ಮಾರ್ಚ್ 31ರ ತನಕ ಡಿವಿಡೆಂಡ್ ಹಂಚುವುದರ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟಿ ನಮಗೆ ಕೊಡುತ್ತಿತ್ತು, ಆದ್ದರಿಂದ ನಮ್ಮ ಕೈಯಲ್ಲಿ ವಿನಾಯಿತಿ. 2020ರ ಏಪ್ರಿಲ್ 1ರಿಂದ ಆ ವ್ಯವಸ್ಥೆ ತೆಗೆದು, ಪಡೆದವರ ಸ್ಲ್ಯಾಬಿಗೆ ಸೇರಿಸಿದರು.

ನಾಪೋಕ್ಲು_ಹೊಳೆದಂಡೆ
ನಮ್ಮೂರ ಸಹಕಾರ ಸಂಘದಿಂದಲೂ ವರ್ಷ ವರ್ಷ ಡಿವಿಡೆಂಡ್ ಬರುತ್ತದೆ, ಒಂದು ಪೈಸೆ ಹಿಡಿಯೋದಿಲ್ಲ. ಅದಕ್ಕೆ ತೆರಿಗೆ ಇಲ್ಲ ಅಂತ ಕಾರ್ಯದರ್ಶಿ ಹೇಳಿದ್ದಾರೆ. ಕಂಪನಿಗಿಂತ ಸಂಘವೇ ವಾಸಿ.

ಲೆಕ್ಕದ_ಪುಸ್ತಕ
ಹಿಡಿಯೋದಿಲ್ಲ ಅನ್ನೋದು ಸರಿ. 194 ಇರೋದು ಕಂಪನಿಗೆ, ಸಹಕಾರ ಸಂಘ ಕಂಪನಿ ಅಲ್ಲ. ಆದರೆ ಹಿಡಿಯೋದಿಲ್ಲ ಅನ್ನೋದೂ ತೆರಿಗೆ ಇಲ್ಲ ಅನ್ನೋದೂ ಬೇರೆ ಬೇರೆ. ಸದಸ್ಯನ ಕೈಯಲ್ಲಿ ಅದು ಇತರೆ ಮೂಲದ ಆದಾಯ, ರಿಟರ್ನ್‌ನಲ್ಲಿ ತೋರಿಸಲೇಬೇಕು. ಸುಂಟಿಕೊಪ್ಪದವರ ಆಗಸ್ಟಿನ 6,000ಕ್ಕೂ ಇದೇ ಮಾತು. ಅವತ್ತು ಟಿಡಿಎಸ್ ಆಗಲಿಲ್ಲ ಅಂತ ಅದು ಲೆಕ್ಕದಿಂದ ಹೊರಗೆ ಹೋಗೋದಿಲ್ಲ.

ಗೋಣಿಕೊಪ್ಪ_ಪೇಟೆ
ಸರಿ, ನನ್ನ ಪ್ಯಾನ್ ಮಾತು ವಾಪಸ್. ಆದರೆ ಒಂದು ಅನುಮಾನ. ಒಂದೇ ಕಂಪನಿಯ ಷೇರು ಸ್ವಲ್ಪ ಡಿಮ್ಯಾಟ್‌ನಲ್ಲಿ, ಸ್ವಲ್ಪ ಹಳೇ ಕಾಗದದ ಸರ್ಟಿಫಿಕೇಟಿನಲ್ಲಿ ಇದ್ದರೆ ಎರಡಕ್ಕೂ ಬೇರೆ ಬೇರೆ 10,000 ಸಿಗುತ್ತದಾ?

ಲೆಕ್ಕದ_ಪುಸ್ತಕ
ಇಲ್ಲ. ಫೋಲಿಯೋ ಎಷ್ಟಿದ್ದರೂ ಪ್ಯಾನ್ ಒಂದೇ, ಕೂಡಿಸಿಯೇ ನೋಡುತ್ತಾರೆ. ಬೇರೆ ಬೇರೆ ಕಂಪನಿಯಾದರೆ ಮಾತ್ರ ಒಂದೊಂದಕ್ಕೂ 10,000. ಹತ್ತು ಕಂಪನಿಯಿಂದ ತಲಾ 9,000 ಬಂದರೆ 90,000ಕ್ಕೂ ಟಿಡಿಎಸ್ ಇರೋದಿಲ್ಲ, ತೆರಿಗೆ ಲೆಕ್ಕಕ್ಕೆ ಮಾತ್ರ ಪೂರ್ತಿ ಬರುತ್ತದೆ. ಜಂಟಿ ಹೆಸರಿದ್ದರೆ ಮೊದಲ ಹೆಸರಿನವರ ಪ್ಯಾನ್.

ವಿರಾಜಪೇಟೆ_ಮನೆಲೆಕ್ಕ
63 ವಯಸ್ಸು, ಎಫ್‌ಡಿ ಬಡ್ಡಿ 2.4 ಲಕ್ಷ ಅಂದಮೇಲೆ ಇವರು ತೆರಿಗೆ ಸೊನ್ನೆ, ಟಿಡಿಎಸ್ ಹಿಡಿಯಬೇಡಿ ಅಂತ ಘೋಷಿಸುವ 15ಎಚ್ ನಮೂನೆ ಕೊಟ್ಟಿರಬೇಕಲ್ಲ? ಕೊಟ್ಟಿದ್ದರೆ ಇಷ್ಟೆಲ್ಲ ತಲೆಬಿಸಿ ಇಲ್ಲ.

ಸುಂಟಿಕೊಪ್ಪ_ಚೆರ್ರಿ
ಬ್ಯಾಂಕಿಗೆ ಏಪ್ರಿಲ್‌ನಲ್ಲೇ ಕೊಟ್ಟಿದ್ದೇನೆ ಅಕ್ಕ. ಬಡ್ಡಿಗೆ ಏನೂ ಹಿಡಿದಿಲ್ಲ. ಡಿವಿಡೆಂಡ್ ಬರೋದೂ ಅದೇ ಖಾತೆಗೆ. ಅದಕ್ಕೇ ನನಗೆ ಆಶ್ಚರ್ಯ.

ವಿರಾಜಪೇಟೆ_ಮನೆಲೆಕ್ಕ
ಅಯ್ಯೋ, ಬ್ಯಾಂಕಿಗೆ ಕೊಟ್ಟಿದ್ದು ಬ್ಯಾಂಕಿನ ಬಡ್ಡಿಗೆ ಮಾತ್ರ. ಕಂಪನಿಗೆ ಅದು ಗೊತ್ತಾಗೋದೇ ಇಲ್ಲ. ಡಿವಿಡೆಂಡಿಗೆ ಬೇಕಾದರೆ ಪ್ರತಿ ಕಂಪನಿಗೂ ಬೇರೆ ಬೇರೆ, ಪ್ರತಿ ವರ್ಷವೂ ಹೊಸದಾಗಿ ಕೊಡಬೇಕು. ಕೊಡೋದು ಕಂಪನಿಯ ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರ್ ಹತ್ತಿರ, ಡಿಮ್ಯಾಟ್ ಇರುವ ಬ್ರೋಕರ್ ಹತ್ತಿರ ಅಲ್ಲ. ರಿಜಿಸ್ಟ್ರಾರ್ ಯಾರು ಅನ್ನೋದು ವಾರ್ಷಿಕ ಸಭೆಯ ನೋಟಿಸಿನಲ್ಲೋ ಕಂಪನಿಯ ವೆಬ್‌ಸೈಟಿನ ಹೂಡಿಕೆದಾರರ ಪುಟದಲ್ಲೋ ಇರುತ್ತದೆ. ಅವರ ತಾಣದಲ್ಲಿ ಕಂಪನಿ ಆರಿಸಿ, ಫೋಲಿಯೋ ಸಂಖ್ಯೆ ಅಥವಾ ಡಿಪಿ ಐಡಿ ಜೊತೆ ಕ್ಲೈಂಟ್ ಐಡಿ, ಪ್ಯಾನ್ ಹಾಕಿ, ಸಹಿ ಮಾಡಿದ ನಮೂನೆ ಏರಿಸಬೇಕು.

ತಪ್ಪೋದು ಹೆಚ್ಚಾಗಿ ತಾರೀಖಿನಲ್ಲಿ. ಡಿವಿಡೆಂಡ್ ಘೋಷಿಸಿದಾಗ ಟಿಡಿಎಸ್ ಬಗ್ಗೆ ಒಂದು ಇಮೇಲ್ ಬರುತ್ತದೆ, ಇಂಥ ದಿನದೊಳಗೆ ನಮೂನೆ ತಲುಪಬೇಕು ಅಂತ. ಡಿಮ್ಯಾಟ್‌ನಲ್ಲಿ ಹಳೇ ಇಮೇಲ್ ಇದ್ದರೆ ಅದು ಕಣ್ಣಿಗೇ ಬೀಳೋದಿಲ್ಲ. ಆ ದಿನ ದಾಟಿದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ. ಹಿಡಿದದ್ದು ಸರ್ಕಾರಕ್ಕೆ ಹೋದ ಮೇಲೆ ಕಂಪನಿ ವಾಪಸ್ ಕೊಡೋದಿಲ್ಲ, ಫೋನು ಮಾಡಿ ಜಗಳ ಆಡಿದರೂ ಇಲ್ಲ. ರಿಟರ್ನ್ ಹಾಕಿಯೇ ತಗೋಬೇಕು.

ಪೊನ್ನಂಪೇಟೆ_ಮೆಣಸುಬಳ್ಳಿ
ಒಂದು ನಿಮಿಷ. ಅವರಿಗೆ ತೋಟದಿಂದ 8 ಲಕ್ಷ ಇದೆ. 15ಎಚ್‌ನಲ್ಲಿ ತೆರಿಗೆ ಸೊನ್ನೆ ಅಂತ ಸಹಿ ಹಾಕಬೇಕು. 8 ಲಕ್ಷ ಸೇರಿಸಿದರೆ 11 ಲಕ್ಷ ಆಯಿತು. ಸುಳ್ಳು ಘೋಷಣೆ ಆಗೋದಿಲ್ಲವಾ?

ಕುಶಾಲನಗರ_ಆಡಿಟ್
ಒಳ್ಳೇ ಪ್ರಶ್ನೆ. ತೋಟ ಇದ್ದವರಿಗೆ ಎಡವೋ ಜಾಗ ಇದೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಉಳಿದ ಆದಾಯದ ದರ ಕಟ್ಟುವಾಗ ಅದನ್ನು ಲೆಕ್ಕಕ್ಕೆ ತಗೋತಾರೆ. ಅದಕ್ಕೆ ಎರಡು ಷರತ್ತು. ನಿವ್ವಳ ಕೃಷಿ ಆದಾಯ 5,000 ದಾಟಬೇಕು, ಕೃಷಿ ಬಿಟ್ಟು ಉಳಿದದ್ದು ಮೂಲ ವಿನಾಯಿತಿ ಮಿತಿ ದಾಟಬೇಕು. ಹೊಸ ಪದ್ಧತಿಯಲ್ಲಿ 2025-26ಕ್ಕೆ ಆ ಮಿತಿ 4 ಲಕ್ಷ. ಇವರ ಬಡ್ಡಿ 2,40,000, ಡಿವಿಡೆಂಡ್ 61,000, ಒಟ್ಟು 3,01,000. ನಾಲ್ಕು ಲಕ್ಷ ಮುಟ್ಟಿಲ್ಲ. ಹಾಗಾಗಿ 8 ಲಕ್ಷವನ್ನು ಎಳೆದು ತರುವ ಪ್ರಶ್ನೆಯೇ ಇಲ್ಲ. ತೆರಿಗೆ ಸೊನ್ನೆ, 15ಎಚ್ ಸರಿ, ಈಗ ಹಿಡಿದ 1,650 ಪೂರ್ತಿ ರೀಫಂಡ್.

ಬಡ್ಡಿ ಮತ್ತು ಡಿವಿಡೆಂಡ್ ಸೇರಿ 4,50,000 ಆಗಿದ್ದರೆ ಹೇಗೆ ಅಂತ ಮಾಡಿ ನೋಡೋಣ. ಆಗ 4,50,000ಕ್ಕೆ 8,00,000 ಸೇರಿಸಿ 12,50,000ಕ್ಕೆ ತೆರಿಗೆ ಹಾಕಬೇಕು, 67,500 ಬರುತ್ತದೆ. ಆಮೇಲೆ 8,00,000ಕ್ಕೆ ಮೂಲ ಮಿತಿ 4,00,000 ಸೇರಿಸಿ 12,00,000ಕ್ಕೆ ಹಾಕಬೇಕು, 60,000. ಎರಡರ ವ್ಯತ್ಯಾಸ 7,500, ಅದು ತೆರಿಗೆ. ಕೃಷಿ ಆದಾಯ ಇಲ್ಲದವರಿಗಾದರೆ ಇದೇ 4,50,000ಕ್ಕೆ 2,500 ಆಗುತ್ತಿತ್ತು. ಅಂದರೆ ಡಿವಿಡೆಂಡ್ ಹೋಗಿ ಶೇ. 15ರ ಮೆಟ್ಟಿಲಲ್ಲಿ ಕೂತಿತು.

ಆದರೂ ಕಟ್ಟೋದು ಬೇಡ. 87ಎ ರಿಯಾಯಿತಿಗೆ ನೋಡೋದು ತೆರಿಗೆಗೆ ಒಳಪಡುವ ಒಟ್ಟು ಆದಾಯ, ಅದರಲ್ಲಿ ಕೃಷಿ ಸೇರೋದಿಲ್ಲ. 4,50,000 ಅನ್ನೋದು 12 ಲಕ್ಷದ ಒಳಗೇ ಇದೆ, 60,000ದ ತನಕ ರಿಯಾಯಿತಿ ಇದೆ, 7,500 ಅಳಿಸಿ ಹೋಗುತ್ತದೆ.

ಸುಂಟಿಕೊಪ್ಪ_ಚೆರ್ರಿ
ಈಗ ಸಮಾಧಾನ ಆಯಿತು ಸರ್. ಹಾಗಾದರೆ ಬರೋ ವರ್ಷಕ್ಕೆ 15ಎಚ್ ಕಂಪನಿಗೇ ಕಳಿಸುತ್ತೇನೆ.

ಲೆಕ್ಕದ_ಪುಸ್ತಕ
ಹಳೇ ಪ್ರತಿ ಜೆರಾಕ್ಸ್ ಮಾಡಿ ತುಂಬಬೇಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ, ಸೆಕ್ಷನ್ ಸಂಖ್ಯೆಗಳೆಲ್ಲ ಬದಲು. ಆ ವರ್ಷಕ್ಕೆ ರಿಜಿಸ್ಟ್ರಾರ್ ಕೊಡುವ ನಮೂನೆಯಲ್ಲೇ ತುಂಬಿ. ಈಗಿನ 1,650ಕ್ಕೆ ಮಾತ್ರ ಹಳೇ ಕಾಯ್ದೆಯದ್ದೇ ರಿಟರ್ನ್, ಯಾಕೆಂದರೆ ದುಡ್ಡು ಬಂದದ್ದು 2025-26ರಲ್ಲಿ.

ಮಡಿಕೇರಿ_ಮಂಜು
ನನಗೆ 52. ತೋಟದಿಂದ 5 ಲಕ್ಷ, ಬಾಡಿಗೆ, ಬಡ್ಡಿ, ಡಿವಿಡೆಂಡ್ ಎಲ್ಲ ಸೇರಿ 6 ಲಕ್ಷ. ರಿಯಾಯಿತಿ ಆದಮೇಲೆ ತೆರಿಗೆ ಸೊನ್ನೆ. ನಾನು 15ಜಿ ಕೊಡಬಹುದಾ?

ಕುಶಾಲನಗರ_ಆಡಿಟ್
15ಜಿ ಸ್ವಲ್ಪ ಬಿಗಿ. 15ಎಚ್‌ಗೆ ತೆರಿಗೆ ಸೊನ್ನೆ ಆದರೆ ಸಾಕು, ರಿಯಾಯಿತಿ ಕಳೆದು ಸೊನ್ನೆ ಆದರೂ ನಡೆಯುತ್ತದೆ ಅನ್ನೋದು 2019ರಲ್ಲೇ ಸ್ಪಷ್ಟ ಆಗಿದೆ. 60ರ ಕೆಳಗಿನವರ 15ಜಿಗೆ ಅಂಥ ಸ್ಪಷ್ಟನೆ ಇಲ್ಲ. ಜೊತೆಗೆ ಇನ್ನೊಂದು ಷರತ್ತು, ಟಿಡಿಎಸ್ ಬರುವಂಥ ಬಡ್ಡಿ, ಡಿವಿಡೆಂಡ್ ಇವೆಲ್ಲ ಸೇರಿ ಮೂಲ ವಿನಾಯಿತಿ ಮಿತಿ ಮೀರಬಾರದು. ನಿಮ್ಮ ಆದಾಯ ಮಿತಿಯ ಮೇಲಿದೆ, ರಿಯಾಯಿತಿಯಿಂದ ಸೊನ್ನೆ ಆಗುತ್ತಿದೆ. ನಾನಾದರೆ ಕೊಡೋದಿಲ್ಲ.

ವಿರಾಜಪೇಟೆ_ಮನೆಲೆಕ್ಕ
ನನ್ನ ಅಭಿಪ್ರಾಯ ಬೇರೆ. ತೆರಿಗೆ ಸೊನ್ನೆ ಅಂದರೆ ಕಾಯ್ದೆಯ ಪ್ರಕಾರ ಲೆಕ್ಕ ಹಾಕಿದ ಸೊನ್ನೆ. ರಿಯಾಯಿತಿಯೂ ಕಾಯ್ದೆಯಲ್ಲೇ ಇದೆ. ಅವರ ಬಡ್ಡಿ, ಡಿವಿಡೆಂಡ್ 4 ಲಕ್ಷದೊಳಗಿದ್ದು, ಮೇಲೆ ಹೋಗಿದ್ದು ಟಿಡಿಎಸ್ ಬರದಂಥ ಬಾಡಿಗೆಯಿಂದ ಆದರೆ ಎರಡನೇ ಷರತ್ತೂ ಪಾಸಾಗುತ್ತದೆ.

ಕುಶಾಲನಗರ_ಆಡಿಟ್
ಓದೋ ರೀತಿಯಲ್ಲಿ ಅದಕ್ಕೂ ಜಾಗ ಇದೆ, ಅಲ್ಲ ಅನ್ನೋದಿಲ್ಲ. ಆದರೆ ಸುಳ್ಳು ಘೋಷಣೆಗೆ ಶಿಕ್ಷೆ ಇರುವ ಕಡೆ ಕೆಲವು ಸಾವಿರ ರೂಪಾಯಿಗೋಸ್ಕರ ಅನುಮಾನದ ಸಹಿ ಹಾಕೋದಕ್ಕಿಂತ ರಿಟರ್ನ್ ಹಾಕಿ ರೀಫಂಡ್ ತಗೊಳ್ಳೋದು ಕ್ಷೇಮ.

ಬಾಳೆಲೆ_ಗದ್ದೆ
ನಮ್ಮ ಒಕ್ಕದ ಷೇರು ಎಚ್‌ಯುಎಫ್ ಪ್ಯಾನ್‌ನಲ್ಲಿದೆ. 3,200 ಡಿವಿಡೆಂಡ್ ಬಂತು, 320 ಹಿಡಿದಿದ್ದಾರೆ. 10,000ದ ಹತ್ತಿರವೂ ಇಲ್ಲ. ಇದಕ್ಕೇನು ಹೇಳ್ತೀರಿ?

ಲೆಕ್ಕದ_ಪುಸ್ತಕ
ಕಂಪನಿ ಮಾಡಿದ್ದು ಸರಿ. 10,000ದ ಮಿತಿ ಇರೋದು ವ್ಯಕ್ತಿಗೆ ಮಾತ್ರ. ಅವಿಭಕ್ತ ಕುಟುಂಬಕ್ಕೆ ಮೊದಲ ರೂಪಾಯಿಯಿಂದಲೇ ಶೇ. 10.

ಬಾಳೆಲೆ_ಗದ್ದೆ
ಹಾಗಾದರೆ ಎಚ್‌ಯುಎಫ್ ಹೆಸರಲ್ಲಿ 15ಜಿ ಕೊಡೋಣ. ಬ್ಯಾಂಕಿನ ಬಡ್ಡಿಗೆ ಕೊಡ್ತಾ ಇದ್ದೇವೆ, ಅವರು ತಗೋತಾರೆ.

ಲೆಕ್ಕದ_ಪುಸ್ತಕ
ಬಡ್ಡಿಗೆ ತಗೋತಾರೆ, ಡಿವಿಡೆಂಡಿಗೆ ತಗೊಳ್ಳೋದಿಲ್ಲ. 197ಎ ಸೆಕ್ಷನ್ನಿನಲ್ಲಿ ಎರಡು ಉಪವಿಧಿ ಇದೆ. ಬಡ್ಡಿಯ 194ಎ ಬರುವ ಉಪವಿಧಿಯಲ್ಲಿ ಕಂಪನಿ, ಫರ್ಮ್ ಬಿಟ್ಟು ಯಾರು ಬೇಕಾದರೂ ಕೊಡಬಹುದು ಅಂತಿದೆ, ಅಲ್ಲಿ ಎಚ್‌ಯುಎಫ್ ಒಳಗೆ ಬರುತ್ತದೆ. ಡಿವಿಡೆಂಡಿನ 194 ಬರುವ ಉಪವಿಧಿಯಲ್ಲಿ ವ್ಯಕ್ತಿ ಅಂತ ಮಾತ್ರ ಇದೆ. ಹಾಗಾಗಿ ಎಚ್‌ಯುಎಫ್ 15ಜಿ ಏರಿಸಿದರೆ ರಿಜಿಸ್ಟ್ರಾರ್ ತಿರಸ್ಕರಿಸುತ್ತಾರೆ, ಎಷ್ಟೋ ಸಲ ಕಾರಣವನ್ನೂ ಬರೆಯೋದಿಲ್ಲ. ಮೊತ್ತ ದೊಡ್ಡದಿದ್ದರೆ ಫಾರ್ಮ್ 13 ಹಾಕಿ ಕಡಿಮೆ ದರದ ಪ್ರಮಾಣಪತ್ರ ತರಬಹುದು. 320 ರೂಪಾಯಿಗೆ ಅದು ಬೇಡ. ಎಚ್‌ಯುಎಫ್ ರಿಟರ್ನ್‌ನಲ್ಲಿ ಕೇಳಿಕೊಳ್ಳಿ.

ಬಾಳೆಲೆ_ಗದ್ದೆ
ಇದು ಗೊತ್ತಿರಲಿಲ್ಲ. ಕೊಟ್ಟು ಕೊಟ್ಟು ವಾಪಸ್ ಬರ್ತಾ ಇತ್ತು, ಸಹಿ ಸರಿಯಿಲ್ಲ ಅಂದುಕೊಂಡಿದ್ದೆವು.

ಸುಂಟಿಕೊಪ್ಪ_ಚೆರ್ರಿ
ರೀಫಂಡಿಗೆ ಐಟಿಆರ್-1 ನಾನೇ ಹಾಕಬಹುದಾ? ಎರಡು ಪುಟ ಅಷ್ಟೇ ಅಂತಾರೆ.

ಕುಶಾಲನಗರ_ಆಡಿಟ್
ನಿಮಗೆ ಐಟಿಆರ್-1 ಆಗೋದಿಲ್ಲ. ಕೃಷಿ ಆದಾಯ 5,000 ದಾಟಿದವರು ಅದನ್ನು ಹಾಕುವ ಹಾಗಿಲ್ಲ. ಐಟಿಆರ್-2 ತಗೊಳ್ಳಿ. ಬಹಳ ಜನ ರೀಫಂಡ್ ಬೇಗ ಬರಲಿ ಅಂತ ಐಟಿಆರ್-1 ಹಾಕಿ ತೋಟದ ಆದಾಯ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಮುಂದೆ ಯಾವತ್ತಾದರೂ ತೋಟದ ದುಡ್ಡಲ್ಲಿ ಜಾಗ ತಗೊಂಡಾಗ ಮೂಲ ಕೇಳಿದರೆ ತೋರಿಸೋಕೆ ದಾಖಲೆ ಇರೋದಿಲ್ಲ.

ಮೊದಲು ಒಂದು ಕೇಳಬೇಕು. ಕಾಫಿ ಹೇಗೆ ಮಾರ್ತೀರಿ? ಒಣ ಚೆರ್ರಿಯಾ, ಕ್ಯೂರಿಂಗ್ ಮಾಡಿಸಿ ಬೀಜವಾಗಿ ಮಾರೋದಾ?

ಸುಂಟಿಕೊಪ್ಪ_ಚೆರ್ರಿ
ಕಣದಲ್ಲಿ ಒಣಗಿಸಿ ಚೆರ್ರಿಯನ್ನೇ ಮೂಟೆ ಕಟ್ಟಿ ಕೊಡೋದು. ರೋಬಸ್ಟಾ.

ಕುಶಾಲನಗರ_ಆಡಿಟ್
ಹಾಗಿದ್ದರೆ ಪೂರ್ತಿ ಕೃಷಿ ಆದಾಯ, ಐಟಿಆರ್-2 ಸರಿ. ಕ್ಯೂರಿಂಗ್ ಮಾಡಿಸಿ ಮಾರಿದ್ದರೆ 7ಬಿ ನಿಯಮದಂತೆ ಶೇ. 25 ವ್ಯಾಪಾರದ ಆದಾಯ ಆಗುತ್ತಿತ್ತು. ನಿಮ್ಮ 8 ಲಕ್ಷದಲ್ಲಿ 2 ಲಕ್ಷ ಈ ಕಡೆ ಬಂದು 3,01,000 ಇದ್ದದ್ದು 5,01,000 ಆಗುತ್ತಿತ್ತು. ಆಗ ಐಟಿಆರ್-3.

ತುಂಬುವಾಗ ಮೂರು ಕಡೆ ಗಮನ ಬೇಕು. ಡಿವಿಡೆಂಡ್ ಬರೆಯೋದು ಇತರೆ ಮೂಲಗಳ ಶೆಡ್ಯೂಲ್‌ನಲ್ಲಿ, ಈ ಕಂಪನಿಯದ್ದು 16,500 ಅಂತಲೇ ಬರೆಯಿರಿ. ಪಾಸ್‌ಬುಕ್ಕಿನಲ್ಲಿ 6,000, 8,850 ಸೇರಿ 14,850 ಕಾಣುತ್ತದೆ, ಅದನ್ನು ಬರೆದರೆ ತಪ್ಪು. ಹಿಡಿದ 1,650 ಕೂಡ ನಿಮ್ಮದೇ ಆದಾಯ. ಆದಾಯ 14,850 ಅಂದು ಟಿಡಿಎಸ್ 1,650 ಕೇಳಿದರೆ ಲೆಕ್ಕ ಹೊಂದೋದಿಲ್ಲ, ರೀಫಂಡ್ ನಿಲ್ಲಬಹುದು. ಅದರ ಕೆಳಗೇ ಯಾವ ಅವಧಿಯಲ್ಲಿ ಬಂತು ಅಂತ ಐದು ಮನೆ ಇರುತ್ತದೆ. ಆಗಸ್ಟಿನದ್ದು ಜೂನ್ 16ರಿಂದ ಸೆಪ್ಟೆಂಬರ್ 15ರ ಮನೆಗೆ, ಫೆಬ್ರವರಿಯದ್ದು ಡಿಸೆಂಬರ್ 16ರಿಂದ ಮಾರ್ಚ್ 15ರ ಮನೆಗೆ. ಮುಂಗಡ ತೆರಿಗೆ ಕಟ್ಟಬೇಕಾದವರಿಗೆ ಇದು ಮುಖ್ಯ. ಡಿವಿಡೆಂಡ್ ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿರೋದಿಲ್ಲವಲ್ಲ, ಬರುವ ಮೊದಲಿನ ಕಂತಿಗೆ ಅದರ ಬಡ್ಡಿ ಬೀಳಬಾರದು ಅಂತ ಈ ವಿಂಗಡಣೆ.

ಮೂರನೆಯದು ವಿನಾಯಿತಿ ಆದಾಯದ ಶೆಡ್ಯೂಲ್. ಕೃಷಿ 5 ಲಕ್ಷ ದಾಟಿದ್ದರಿಂದ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಕೇಳುತ್ತದೆ. ಪಹಣಿ ಪಕ್ಕದಲ್ಲಿಟ್ಟುಕೊಂಡು ಕೂರಿ.

ನಾಪೋಕ್ಲು_ಹೊಳೆದಂಡೆ
ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕ್ತೇವೆ, ಬಂದರೆ ಹಾಕೋದಿಲ್ಲ. ಅದನ್ನು ನೀರಾವರಿ ಅನ್ನೋದಾ ಮಳೆ ಅನ್ನೋದಾ?

ಪೊನ್ನಂಪೇಟೆ_ಮೆಣಸುಬಳ್ಳಿ
ಪಹಣಿಯಲ್ಲಿ ಏನಿದೆಯೋ ಅದೇ ಬರೀರಿ.

ನಾಪೋಕ್ಲು_ಹೊಳೆದಂಡೆ
ಪಹಣಿ ಬರೆದಾಗ ಸ್ಪ್ರಿಂಕ್ಲರೇ ಇರಲಿಲ್ಲ ಮಾರಾಯ್ರೆ. ನಿಮ್ಮ ಕಡೆ ಮಳೆ ಬಿತ್ತಾ?

ಪೊನ್ನಂಪೇಟೆ_ಮೆಣಸುಬಳ್ಳಿ
ಮೋಡ ಇದೆ, ಮಳೆ ಇಲ್ಲ. ಪೈಪ್ ಎಳೆದಿಟ್ಟಿದ್ದೇವೆ.

ಮಡಿಕೇರಿ_ಮಂಜು
ತೆರಿಗೆ ಇಲಾಖೆಯ ತಾಣದಲ್ಲಿ ನಮ್ಮ ಆದಾಯದ ಪಟ್ಟಿ ಇರುವ ಎಐಎಸ್‌ನಲ್ಲಿ ಒಂದೇ ಡಿವಿಡೆಂಡ್ ಎರಡು ಕಡೆ ತೋರಿಸುತ್ತಿದೆ. ಒಂದು ಟಿಡಿಎಸ್ ಅಂತ, ಇನ್ನೊಂದು ಎಸ್‌ಎಫ್‌ಟಿ ಅಂತ. ಎರಡೂ ಕೂಡಿಸಬೇಕಾ?

ಲೆಕ್ಕದ_ಪುಸ್ತಕ
ಕೂಡಿಸಬೇಡಿ. ಕಂಪನಿ ಒಂದೇ ಪಾವತಿಯನ್ನು ಎರಡು ದಾರಿಯಲ್ಲಿ ವರದಿ ಮಾಡುತ್ತದೆ. ಹಿಡಿದ ತೆರಿಗೆಯ ಲೆಕ್ಕ ಟಿಡಿಎಸ್ ಸಾಲಿನಲ್ಲಿ ಬರುತ್ತದೆ, ಕೊಟ್ಟ ಎಲ್ಲ ಡಿವಿಡೆಂಡಿನ ಪಟ್ಟಿ ಎಸ್‌ಎಫ್‌ಟಿ ಸಾಲಿನಲ್ಲಿ. ಪಕ್ಕದ ಟಿಐಎಸ್ ಸಾರಾಂಶದಲ್ಲಿ ಎರಡು ಸಲ ಬಂದದ್ದನ್ನು ಕಳೆದ ಮೊತ್ತ ಇರುತ್ತದೆ, ಆದರೂ ಅದನ್ನೇ ನಂಬದೆ ಪಾಸ್‌ಬುಕ್ ಇಟ್ಟು ಕಂಪನಿವಾರು ತಾಳೆ ನೋಡಿ. ಟಿಡಿಎಸ್ ಆಗದ ಸಣ್ಣ ಮೊತ್ತಗಳೂ ಅಲ್ಲಿ ಸಿಗುತ್ತವೆ. ನಾಪೋಕ್ಲುವಿನವರ ಸಹಕಾರ ಸಂಘದ್ದು ಮಾತ್ರ ಅಲ್ಲಿ ಕಾಣದೇ ಇರಬಹುದು, ಅದನ್ನು ಕೈಯಾರೆ ಸೇರಿಸಬೇಕು.

ಸುಂಟಿಕೊಪ್ಪದವರು ಏಪ್ರಿಲ್‌ನಲ್ಲೇ ಅವಸರ ಮಾಡಬೇಡಿ. ಜನವರಿಯಿಂದ ಮಾರ್ಚ್ ತನಕದ ಟಿಡಿಎಸ್ ವಿವರ ಸಲ್ಲಿಸೋಕೆ ಕಂಪನಿಗೆ ಮೇ 31ರ ತನಕ ಸಮಯ ಇದೆ. ನಿಮ್ಮ 1,650 ಕಡಿತ ಫೆಬ್ರವರಿಯದ್ದು, ನಿಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆ ತೋರಿಸುವ 26ಎಎಸ್‌ನಲ್ಲಿ ಕಾಣೋದು ಅದಾದ ಮೇಲೆ. ಅದು ಬರುವ ಮೊದಲೇ ರಿಟರ್ನ್ ಹಾಕಿದರೆ ಟಿಡಿಎಸ್ ಹೊಂದಿಕೆ ಆಗದೆ ರೀಫಂಡ್ ಸೊನ್ನೆ ಅಂತ ಬರುತ್ತದೆ. ಜೂನ್ ಎರಡನೇ ವಾರ ನೋಡಿ.

ಸುಂಟಿಕೊಪ್ಪ_ಚೆರ್ರಿ
ಜೂನ್‌ನಲ್ಲೂ ಕಾಣದಿದ್ದರೆ?

ಲೆಕ್ಕದ_ಪುಸ್ತಕ
ರಿಜಿಸ್ಟ್ರಾರ್‌ಗೆ ಬರೆದು ಯಾವ ಪ್ಯಾನ್‌ಗೆ ಹಾಕಿದ್ದಾರೆ ಅಂತ ಕೇಳಿ, ಟಿಡಿಎಸ್ ಪ್ರಮಾಣಪತ್ರ ಫಾರ್ಮ್ 16ಎ ಕಳಿಸಿ ಅನ್ನಿ. ಹಳೇ ಫೋಲಿಯೋದಲ್ಲಿ ತಂದೆಯವರ ಹೆಸರು ಮೊದಲು ಇದ್ದು ನಿಮ್ಮದು ಎರಡನೆಯದಾಗಿದ್ದರೆ ಅವರ ಪ್ಯಾನ್‌ಗೆ ಹೋಗಿರುತ್ತದೆ. ಹಾಗೇನಾದರೂ ಇದೆಯಾ?

ಸುಂಟಿಕೊಪ್ಪ_ಚೆರ್ರಿ
1,500ರಲ್ಲಿ 200 ಷೇರು ಅಪ್ಪನ ಜೊತೆ ಜಂಟಿ ಇತ್ತು. ಹೆಸರು ತೆಗೆಸಿದ್ದೇವೋ ಇಲ್ಲವೋ, ಪೆಟ್ಟಿಗೆ ತೆಗೆದು ಸರ್ಟಿಫಿಕೇಟ್ ನೋಡಿ ನಾಳೆ ಬರೆಯುತ್ತೇನೆ.